ಆಯಿಗೆ, ಲ್ಯಾಂಬೆತ್ ದಂಡೆಯಿಂದ

ನಮ್ಮೂರು ಮುಡಬಿಯಲ್ಲಿ ಆಯಿಗೆ ಬರುವ ಪತ್ರವನ್ನು ಮನೆಯವರೆಲ್ಲ ಕೇಳುತ್ತಾರೆ. ಓದುವವಳು ಒಬ್ಬಳೇ, ನಮ್ಮ ಅಣ್ಣನ ಮಗಳು, ಎಂಟನೆಯ ತರಗತಿ. ಪಡಸಾಲೆಯ ಬಾಗಿಲಲ್ಲಿ ಕೂತು ಗಟ್ಟಿಯಾಗಿ ಓದುತ್ತಾಳೆ. ಆಯಿ ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿ ಕೇಳುತ್ತಾಳೆ. ನಡುವೆ ಯಾರಾದರೂ ಬಂದರೆ ಮತ್ತೆ ಮೊದಲಿನಿಂದ ಓದಬೇಕು. ವಿಡಿಯೊ ಕರೆ ಇರುವ ಕಾಲದಲ್ಲಿ ಪತ್ರ ಯಾಕೆ ಎಂದು ಗೆಳೆಯರು ಕೇಳುತ್ತಾರೆ. ಕರೆಯಲ್ಲಿ ಆಯಿಗೆ ಕಿವಿ ಸರಿಯಾಗಿ ಕೇಳದು, ನೆಟ್‌ವರ್ಕ್ ಸಾಲದು, ಉಂಡೆಯಾ, ಛಳಿ ಅದೇನು, ಯಾವಾಗ ಬರ್ತಿ ಎಂಬ ಮೂರು ಪ್ರಶ್ನೆ ಮುಗಿಯುವಷ್ಟರಲ್ಲಿ ನನ್ನ ಮುಖ ಪರದೆಯ ಮೇಲೆ ನಿಂತುಬಿಟ್ಟಿರುತ್ತದೆ. ಪತ್ರವಾದರೆ ಬೇಕಾದಾಗ ತೆಗೆದು ಓದಿಸಬಹುದು.

ಲಂಡನ್ನಿನ ಥೇಮ್ಸ್ ದಂಡೆಯ ಮೇಲಿರುವ ಬಸವಣ್ಣನನ್ನು ನೋಡಲು ಹೋದ ದಿನದ ಬಗ್ಗೆ ಇಲ್ಲಿಯ ಕನ್ನಡಿಗರ ಒಂದು ಸ್ಮರಣ ಸಂಚಿಕೆಗೆ ನಾನೊಂದು ಲೇಖನ ಕೊಟ್ಟಿದ್ದೆ. ಅಚ್ಚಾದ ಪ್ರತಿಯನ್ನು ಊರಿಗೂ ಕಳಿಸಿದೆ. ಹುಡುಗಿ ಓದಿದಳು, ಆಯಿ ಪೂರ್ತಿ ಕೇಳಿದಳು. ಆಮೇಲೆ ಅಂದಳಂತೆ: "ಇದು ಮಂದಿಗಿ ಬರದದ್ದು. ನನಗ ಬ್ಯಾರೆ ಬರಿ ಅನ್ನು."

ಹಾಗಾಗಿ ಅದೇ ದಿನವನ್ನು ಆಯಿಗೆಂದು ಮತ್ತೆ ಬರೆಯಲು ಕೂತೆ. ಆ ಪತ್ರವನ್ನೂ, ಬರೆಯುವಾಗ ಏನೇನು ಬಿಟ್ಟೆ, ಏನೇನು ಹೊಸದಾಗಿ ಬಂತು ಎಂಬುದನ್ನೂ ಇಲ್ಲಿ ಕೊಡುತ್ತಿದ್ದೇನೆ.

ಮೊದಲು ಓದುವವಳನ್ನು ನೆನೆಯಬೇಕಾಯಿತು. ಹುಡುಗಿ ಕಲಿಯುವುದು ಇಂಗ್ಲಿಷ್ ಮಾಧ್ಯಮದಲ್ಲಿ. ಕನ್ನಡ ಓದುತ್ತಾಳೆ, ಆದರೆ ಉದ್ದನೆಯ ಸಮಾಸ ಬಂದರೆ ನಡುವೆ ಮುರಿದು ಓದುತ್ತಾಳೆ, ಮುರಿದ ಕಡೆಯೇ ಅರ್ಥವೂ ಮುರಿಯುತ್ತದೆ. ಲೇಖನದಲ್ಲಿ 'ನದೀತೀರದ ಉದ್ಯಾನವನದಲ್ಲಿ ಪ್ರತಿಷ್ಠಾಪಿತವಾದ' ಎಂಬುದನ್ನು ಅವಳು ಮೂರು ಸಲ ಓದಿದಳೆಂದು ಅತ್ತಿಗೆ ನಗುತ್ತ ಹೇಳಿದರು. ಗಟ್ಟಿಯಾಗಿ ಓದುವ ಬರಹದಲ್ಲಿ ಒಂದು ವಾಕ್ಯ ಒಂದೇ ಉಸಿರಿಗೆ ಮುಗಿಯಬೇಕು. 'ಅವನು', 'ಅದು' ಎಂದು ಹಿಂದೆ ಬೆರಳು ತೋರಿಸಿದರೆ ಕೇಳುವವರು ಹಿಂದಕ್ಕೆ ಹೋಗಿ ನೋಡಲಾರರು, ಹೆಸರನ್ನೇ ಮತ್ತೊಮ್ಮೆ ಹೇಳಬೇಕು. ಅಕ್ಷರ ದಪ್ಪಗಿರಬೇಕು, ಕಾಗದದ ಒಂದೇ ಮಗ್ಗುಲಲ್ಲಿ ಬರೆಯಬೇಕು. ಎರಡೂ ಕಡೆ ಬರೆದರೆ ಶಾಯಿ ಹಿಂದಿನಿಂದ ಕಾಣಿಸಿ ಹುಡುಗಿ ಸಾಲು ತಪ್ಪುತ್ತಾಳೆ. ಇನ್ನು ಮಾತು ಊರಿನದೇ. ಬೀದರ ಸೀಮೆಯ ಮಾತನ್ನು ಕಾಗದದ ಮೇಲೆ ಬರೆದರೆ ಮೊದಲ ಎರಡು ಸಾಲು ನಾಟಕದಂತೆ ಕಾಣುತ್ತವೆ, ಮೂರನೆಯ ಸಾಲಿಗೆ ಕೈ ತಾನೇ ಓಡುತ್ತದೆ.

*

ಆಯಿ,

ನಿನ್ನ ಮೊಮ್ಮಗನ ಶರಣು ಶರಣಾರ್ಥಿ. ನಾ ಇಲ್ಲಿ ಆರಾಮ ಇದ್ದೀನಿ. ಮುಂಜಾನಿ ರೊಟ್ಟಿ ಸಿಗಂಗಿಲ್ಲ, ಖರೆ, ರಾತ್ರಿಗಿ ನಾನೇ ಮಾಡ್ಕೊಂತೀನಿ. ಜೋಳದ ಹಿಟ್ಟು ಇಲ್ಲಿ ಗುಜರಾತಿ ಮಂದಿ ಅಂಗಡಿಯಾಗ ಸಿಗ್ತದ. ಹಿಟ್ಟು ಹಳೇದಿರ್ತದ, ತಟ್ಟುವಾಗ ಅಂಚು ಒಡೀತದ. ನೀ ಹೇಳಿದಂಗ ಕುದಿಯೋ ನೀರು ಹಾಕಿ ಕಲಸಿದ್ರ ತುಸು ತಡೀತದ.

ನೀ ಮಧ್ಯಾಹ್ನ ಹನ್ನೆರಡಕ್ಕ ಉಣ್ಣಲಿಕ್ಕ ಕೂಡ್ತಿಯಲ್ಲ, ಆವಾಗ ನಮಗಿಲ್ಲಿ ಮುಂಜಾನಿ ಏಳೂವರಿ. ನಾ ಹಲ್ಲು ತಿಕ್ಕಲಿಕತ್ತಿರ್ತೀನಿ. ಛಳಿಗಾಲದಾಗ ಇವರು ತಮ್ಮ ಗಡಿಯಾರ ಒಂದು ತಾಸು ಹಿಂದ ಸರಸ್ತಾರ. ಆವಾಗ ನೀ ಉಣ್ಣೋ ಹೊತ್ತಿಗಿ ನನಗ ಆರೂವರಿ, ಇನ್ನೂ ಕತ್ತಲಿ.

ನಾ ಇರೋ ಓಣಿ ಹೆಸರು ಹೌನ್ಸ್ಲೊ. ವಿಮಾನ ಇಳಿಯೋ ಜಾಗಾ ಬಾಜೂಕೇ ಅದ. ನಮ್ಮ ಮಾಳಗಿ ಮ್ಯಾಲಿಂದೇ ವಿಮಾನ ಇಳೀತಾವ. ಹೊಟ್ಟಿ ಒಳಗಿನ ಗಾಲಿ ಬಿಟ್ಟಿದ್ದು ಸುದ್ದಾ ಕಾಣ್ತದ. ಹೈದರಾಬಾದಿಗಿ ಹೋಗೋ ವಿಮಾನನೂ ಇಲ್ಲಿಂದೇ ಏಳ್ತದ. ಹತ್ತು ತಾಸಿಗಿ ಹೈದರಾಬಾದ, ಅಲ್ಲಿಂದ ಸೋಲಾಪುರ ರಸ್ತಾ ಹಿಡದು ಹುಮ್ನಾಬಾದ, ಹುಮ್ನಾಬಾದ ದಾಟಿದ್ರ ನಮ್ಮೂರ ಬಸ್ಸು. ಇಷ್ಟೇ ದೂರ ಆಯಿ, ಭಾಳಿಲ್ಲ.

ಬಸವ ಜಯಂತಿ ಆಗಿ ಒಂದು ವಾರಕ್ಕ ನಾ ಬಸವಣ್ಣಗ ನೋಡ್ಲಿಕ್ಕ ಹೋದೆ. ಹೌನ್ಸ್ಲೊದಿಂದ ರೇಲ್ವೆ ಹತ್ತಿದ್ರ ಮುಕ್ಕಾಲು ತಾಸಿನ ಮ್ಯಾಲ ವಾಟರ್ಲೂ ಅಂತ ಟೇಶನ್ ಬರ್ತದ. ಅಲ್ಲಿಂದ ನಡದೇ ಹೋಗೋದು.

*

ಲೇಖನದಲ್ಲಿ ಈ ಜಾಗದಲ್ಲಿ ಥೇಮ್ಸ್ ನದಿಯ ಉದ್ದ, ಅದರ ಉಗಮ, ದಂಡೆಯ ಅರಮನೆಗಳು ಎಲ್ಲ ಇದ್ದವು. ಆಯಿಗೆ ಅವು ಬೇಡ. ಅವಳು ಕಂಡ ನದಿ ಮುಲ್ಲಾಮಾರಿ, ಅದು ಮಳೆಗಾಲದಲ್ಲಿ ಬರುತ್ತದೆ, ಬೇಸಗೆಯಲ್ಲಿ ಕಲ್ಲು ತೋರಿಸುತ್ತದೆ. ಲಂಡನ್ನಿನ ನದಿಯಲ್ಲಿ ಅವಳಿಗೆ ನಿಜವಾಗಿ ವಿಶೇಷವಾಗಿ ಕಾಣುವಂಥದ್ದು ಯಾವುದು ಎಂದು ಯೋಚಿಸಿದೆ. ದಿನಕ್ಕೆ ಎರಡು ಸಲ ಸಮುದ್ರ ಊರೊಳಗೆ ಬಂದು ಹೋಗುತ್ತದೆ, ನದಿ ಹಿಂದುಮುಂದಾಗಿ ಹರಿಯುತ್ತದೆ. ಲೇಖನದಲ್ಲಿ ಇದಕ್ಕೆ ನಾನು ಕೊಟ್ಟದ್ದು ಅರ್ಧ ವಾಕ್ಯ.

ಲಂಡನ್ ಸೇತುವೆಯ ಹತ್ತಿರ ದೊಡ್ಡ ಭರತದ ದಿನ ನೀರಿನ ಮಟ್ಟ ಏಳು ಮೀಟರಿನಷ್ಟು ಏರಿಳಿಯುತ್ತದೆ. ಮೀಟರು ಆಯಿಗೆ ಗೊತ್ತಿಲ್ಲ. ಬಾವಿಯ ನೀರನ್ನು ಆಳುಗಳಲ್ಲಿ ಅಳೆಯುವುದು ಗೊತ್ತು. ಒಬ್ಬ ಗಂಡಾಳು ಐದೂವರೆ ಅಡಿಯ ಮೇಲೆ ಎಂದರೆ ಏಳು ಮೀಟರಿಗೆ ನಾಲ್ಕು ಆಳು ಆಗುತ್ತದೆ. ಒಂದು ಭರತದಿಂದ ಇನ್ನೊಂದಕ್ಕೆ ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷ, ಆದ್ದರಿಂದ ದಿನವೂ ಹೊತ್ತು ಸುಮಾರು ಐವತ್ತು ನಿಮಿಷ ಮುಂದಕ್ಕೆ ಸರಿಯುತ್ತದೆ. ಇದಕ್ಕೆ ಚಂದ್ರ ಕಾರಣ. ಅಮಾವಾಸ್ಯೆ, ಹುಣ್ಣಿಮೆ ಕಳೆದು ಒಂದೆರಡು ದಿನಕ್ಕೆ ಏರಿಳಿತ ಅತಿ ಹೆಚ್ಚು, ಅಷ್ಟಮಿ ಕಳೆದ ಮೇಲೆ ಅತಿ ಕಡಿಮೆ. ಇದನ್ನು ಲಂಡನ್ನಿನ ನನ್ನ ಸಹೋದ್ಯೋಗಿಗಳಿಗೆ ವಿವರಿಸಬೇಕಾದರೆ ಚಿತ್ರ ಬರೆಯಬೇಕಾಗುತ್ತದೆ. ತಿಥಿ ಲೆಕ್ಕದಲ್ಲಿ ದಿನ ಎಣಿಸುವ ಆಯಿಗೆ ಎರಡು ಸಾಲು ಸಾಕು. ಬಸವ ಜಯಂತಿ ವೈಶಾಖ ಶುದ್ಧ ತದಿಗೆಯ ದಿನ, ಅದಾಗಿ ವಾರಕ್ಕೆ ದಶಮಿ. ನಾನು ಹೋದ ದಿನ ನೀರು ಯಾಕೆ ಅಷ್ಟೊಂದು ಏರಿರಲಿಲ್ಲ ಎಂಬುದು ನನಗೂ ಈ ಪತ್ರ ಬರೆಯುವಾಗಲೇ ತಾಳೆಯಾಯಿತು.

*

ಆಯಿ, ಇಲ್ಲಿ ಊರ ನಡುವ ಒಂದು ಹೊಳಿ ಅದ. ಹೆಸರು ಥೇಮ್ಸ್. ನೀರು ಕೆಂಪಿಲ್ಲ, ಹಸುರಿಲ್ಲ, ಚಾ ಸೋಸಿದ ಮ್ಯಾಲ ಬಟ್ಟಲ ತೊಳದ ನೀರಿನ ಬಣ್ಣ. ಈ ಹೊಳಿ ದಿನಕ್ಕ ಎರಡು ಸಲ ತಿರುಗಿ ಹರೀತದ. ಸುಳ್ಳು ಹೇಳಲಿಕತ್ತಿಲ್ಲ. ಸಮುದ್ರ ದೂರ ಅದ, ಆದ್ರ ಸಮುದ್ರದ ನೀರು ಏರಿದಾಗ ಹೊಳಿಗಿ ನೂಕ್ತದ, ಹೊಳಿ ಹಿಂದಕ್ಕ ಬರ್ತದ. ಆರು ತಾಸು ಏರ್ತದ, ಆರು ತಾಸು ಇಳೀತದ. ಅಮಾಸಿ ಹುಣ್ಣಿಮಿ ಮುಂದ ನಾಕು ಆಳು ನೀರು ಏರ್ತದ. ನೀರು ಇಳದಾಗ ದಂಡೀಗಿ ಕೆಸರು, ಉಸುಕು, ಹಳೇ ಇಟ್ಟಂಗಿ ಕಾಣ್ತಾವ. ಮಂದಿ ಕೆಳಗಿಳದು ಅದರಾಗ ಹಳೇ ರೊಕ್ಕ, ಗುಂಡಿ ಹುಡುಕ್ತಾರ, ಅದಕ್ಕೂ ಪರವಾನಗಿ ಬೇಕಂತ. ನಾ ಹೋಗಿದ್ದು ದಶಮಿ ದಿನ. ದಶಮಿಗಿ ನೀರಿನ ಜೋರು ಕಡಿಮಿ. ನೀರು ಅರ್ಧ ಗ್ವಾಡಿತನಾ ಬಂದು ನಿಂತಿತ್ತು.

ಹೊಳಿ ದಂಡೀಗುಂಟ ಕಲ್ಲಿನ ಗ್ವಾಡಿ ಕಟ್ಟ್ಯಾರ. ನಮ್ಮ ಮುತ್ತ್ಯಾನ ಮುತ್ತ್ಯಾನ ಕಾಲದಾಗ ಕಟ್ಟಿದ್ದು. ಮೊದಲು ಇಲ್ಲಿ ನೀರು ಓಣಿಯೊಳಗ ನುಗ್ಗತಿತ್ತಂತ. ಗ್ವಾಡಿ ಮ್ಯಾಲ ದೀಪದ ಕಂಬ ಅವ. ಒಂದೊಂದು ಕಂಬಕ್ಕೂ ಎರಡೆರಡು ಮೀನ ಸುತ್ತ್ಯಾವ, ಕಬ್ಬಿಣದ ಮೀನ. ಬಾಲ ಮ್ಯಾಲ, ತಲಿ ಕೆಳಗ. ಬಾಯಿ ದೊಡ್ಡದು, ಕಣ್ಣು ಗುಡ್ಡಿ ಹೊರಗ ಬಂದಾವ. ಸಣ್ಣ ಹುಡುಗರು ಅವುಗಳ ಬಾಯಿಯೊಳಗ ಬಟ್ಟ ಇಟ್ಟು ನಗ್ತಾರ. ನಾನೂ ಇಟ್ಟೆ.

*

ಆ ಗೋಡೆಯೇ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್. 1866ರಿಂದ 1869ರವರೆಗೆ ಜೋಸೆಫ್ ಬ್ಯಾಜಲ್ಜೆಟ್ ಎಂಬ ಎಂಜಿನಿಯರ್ ಕಟ್ಟಿಸಿದ್ದು. ಇಸವಿಗಳನ್ನೆಲ್ಲ ಪತ್ರದಿಂದ ತೆಗೆದೆ. ಆಯಿಗೆ ಕಾಲವನ್ನು ಜನರ ಮೂಲಕ ಹೇಳಬೇಕು. ಯಾರ ಮದುವೆಗಿಂತ ಮೊದಲು, ಯಾರು ಹುಟ್ಟಿದ ವರ್ಷ, ರಜಾಕಾರರ ಗಲಾಟೆಗೆ ಎಷ್ಟು ಹಿಂದೆ. ಮುತ್ತ್ಯಾನ ಮುತ್ತ್ಯಾ ಎಂದರೆ ಹೆಚ್ಚುಕಡಿಮೆ ಆ ಕಾಲಕ್ಕೇ ಬರುತ್ತದೆ.

ವೆಸ್ಟ್‌ಮಿನ್‌ಸ್ಟರ್ ಸೇತುವೆಯಿಂದ ಲ್ಯಾಂಬೆತ್ ಸೇತುವೆಯ ಕಡೆಗೆ ನಡೆದರೆ ಎಡಕ್ಕೆ ಸೇಂಟ್ ಥಾಮಸ್ ಆಸ್ಪತ್ರೆ, ಬಲಕ್ಕೆ ನದಿ, ನದಿಯಾಚೆ ಪಾರ್ಲಿಮೆಂಟು. ಆಸ್ಪತ್ರೆಯ ಹೊರಗೋಡೆಯ ಮೇಲೆ ಅರ್ಧ ಕಿಲೋಮೀಟರಿನಷ್ಟು ಉದ್ದಕ್ಕೆ ಕೆಂಪು ಹೃದಯಗಳನ್ನು ಕೈಯಿಂದಲೇ ಬಿಡಿಸಿದ್ದಾರೆ. 2021ರ ಮಾರ್ಚ್ ಕೊನೆಯಲ್ಲಿ ಶುರುವಾದದ್ದು, ಬ್ರಿಟನ್ನಿನಲ್ಲಿ ಕೊರೊನಾದಿಂದ ತೀರಿಕೊಂಡ ಒಬ್ಬೊಬ್ಬರಿಗೆ ಒಂದೊಂದು. ಈಗ ಎರಡು ಲಕ್ಷದ ಮೇಲೆ ಇವೆ. ದಂಡೆಯ ದಾರಿಯಿಂದ ಬಸವಣ್ಣನ ಹತ್ತಿರ ಹೋಗಬೇಕಾದರೆ ಈ ಗೋಡೆಯನ್ನು ದಾಟಿಯೇ ಹೋಗಬೇಕು. ಲೇಖನದಲ್ಲಿ ಇದರ ಬಗ್ಗೆ ಒಂದು ಪ್ಯಾರಾ ಇತ್ತು, ಅದರ ಕೊನೆಗೆ ನನ್ನ ಅಜ್ಜನ ಬಗ್ಗೆ ಒಂದು ವಾಕ್ಯ: 'ಪ್ರಯಾಣ ನಿರ್ಬಂಧಗಳ ಕಾರಣದಿಂದ ಅಂತ್ಯಕ್ರಿಯೆಯಲ್ಲಿ ಪಾಲ್ಗೊಳ್ಳಲಾಗಲಿಲ್ಲ.' ಆ ವಾಕ್ಯದಲ್ಲಿ ನಾನೂ ಇಲ್ಲ, ಮುತ್ತ್ಯಾನೂ ಇಲ್ಲ. ಸ್ಮರಣ ಸಂಚಿಕೆಗೆ ಅದು ಸರಿಹೋಗುತ್ತದೆ.

ನಡೆದದ್ದು ಇಷ್ಟು. 2021ರ ಏಪ್ರಿಲ್ 17ಕ್ಕೆ ನಮ್ಮ ಬಸವಕಲ್ಯಾಣದಲ್ಲಿ ಉಪಚುನಾವಣೆ. ಅಲ್ಲಿಯ ಶಾಸಕರಾಗಿದ್ದ ಬಿ. ನಾರಾಯಣರಾವ್ ಅವರನ್ನೂ ಹಿಂದಿನ ಸೆಪ್ಟೆಂಬರಿನಲ್ಲಿ ಕೊರೊನಾವೇ ಒಯ್ದಿತ್ತು. ಏಪ್ರಿಲ್ 23ಕ್ಕೆ ಬ್ರಿಟನ್ ಭಾರತವನ್ನು ಕೆಂಪು ಪಟ್ಟಿಗೆ ಸೇರಿಸಿತು. ನನ್ನಂಥ ಇಲ್ಲಿಯ ನಿವಾಸಿ ಊರಿಗೆ ಹೋಗಿ ವಾಪಸು ಬಂದರೆ ಗೊತ್ತುಮಾಡಿದ ಹೋಟೆಲಿನಲ್ಲಿ ಹತ್ತು ದಿನ ಇರಬೇಕಿತ್ತು, ಅದರ ಖರ್ಚು ಆಗ ಒಬ್ಬರಿಗೆ 1,750 ಪೌಂಡ್. ಆ ತಿಂಗಳ ಕೊನೆಯ ವಾರ ಮುತ್ತ್ಯಾ ಹೋದರು. ಅದೇ ದಿನ ಸಂಜೆ ಹೊಲದಲ್ಲಿ ಮಣ್ಣಾಯಿತು. ನಮ್ಮಲ್ಲಿ ಹೆಣವನ್ನು ಕೂಡಿಸಿ ಮಣ್ಣು ಮಾಡುತ್ತಾರೆ, ಮೊಮ್ಮಕ್ಕಳು ವಿಭೂತಿ ಹಚ್ಚಿ ಒಂದು ಹಿಡಿ ಮಣ್ಣು ಹಾಕುತ್ತಾರೆ. ನಾನು ಅದನ್ನು ಫೋನಿನಲ್ಲಿ ನೋಡಿದೆ. ಯಾರೋ ಹಿಡಿದಿದ್ದ ಫೋನು, ಮುಕ್ಕಾಲು ಹೊತ್ತು ಆಕಾಶವೇ ಕಂಡಿತು.

ಇಷ್ಟು ವರ್ಷ ಆಯಿ ಈ ಮಾತು ಎತ್ತಿಲ್ಲ. ನಾನೂ ಎತ್ತಿರಲಿಲ್ಲ. ಕೆಂಪು ಪಟ್ಟಿ, ಪೌಂಡು, ಹೋಟೆಲು ಎಲ್ಲ ಬರೆದು ನೋಡಿದೆ. ಅದು ವಕೀಲರು ಕೊಡುವ ಉತ್ತರದಂತೆ ಕಂಡಿತು, ಹೊಡೆದುಹಾಕಿದೆ. ಪತ್ರದ ಈ ಭಾಗವನ್ನು ಹುಡುಗಿ ಎಲ್ಲರ ಮುಂದೆ ಓದುತ್ತಾಳೆ ಎಂಬುದೂ ತಲೆಯಲ್ಲಿತ್ತು. ಹದಿಮೂರು ವರ್ಷದ ಹುಡುಗಿಯ ಬಾಯಿಯಿಂದ ಬರುವಾಗ ಅವಳ ದನಿ ನಡುಗದ ಹಾಗೆ ಬರೆಯಬೇಕು.

*

ಆಯಿ, ಮುಂದ ಹೋದ್ರ ಒಂದು ದವಾಖಾನಿ ಅದ. ದವಾಖಾನಿ ಗ್ವಾಡಿ ಮ್ಯಾಲ ಕೆಂಪು ಬಣ್ಣದಾಗ ಸಣ್ಣ ಸಣ್ಣ ಎದಿ ಚಿತ್ರ ಬರದಾರ. ವೀಳ್ಯದೆಲಿ ತಲಿಕೆಳಗ ಹಿಡದಂಗ ಕಾಣ್ತಾವ. ಕೊರೊನಾದಾಗ ಇಲ್ಲಿ ಸತ್ತ ಒಬ್ಬೊಬ್ಬರಿಗೂ ಒಂದೊಂದು. ಎಲ್ಲಾ ಎರಡು ಲಕ್ಷದ ಮ್ಯಾಲ ಅವ. ನಮ್ಮ ಕಲ್ಯಾಣದಂಥಾ ಮೂರು ಊರಿನ ಮಂದಿ ಕೂಡಿಸಿದ್ರ ಅಷ್ಟಾಗ್ತದ. ಕೆಲವೊಂದರಾಗ ಹೆಸರು ಬರದಾರ. ಕೆಲವೊಂದರಾಗ ಹೆಸರಿಲ್ಲ, ಬರೇ ಅವ್ವ ಅಂತ, ಬರೇ ಮುತ್ತ್ಯಾ ಅಂತ ಬರದಾರ, ಅವರ ಮಾತಿನಾಗ.

ಮೊದಲು ಇವನ್ನ ಪೆನ್ನಿನಿಂದ ಬರದಿದ್ರಂತ. ಬಿಸಲಿಗಿ, ಮಳಿಗಿ ಕೆಂಪು ಹೋಗಿ ಗುಲಾಬಿ ಆತು, ಆಮ್ಯಾಲ ಹೆಸರೂ ಮಸಕಾತು. ಈಗ ತಮ್ಮ ಮನಿ ಮಂದಿನ್ನ ಕಳಕೊಂಡವರೇ ಬಂದು ಗ್ವಾಡಿಗಿ ಹಚ್ಚೋ ಬಣ್ಣದಾಗ ಮತ್ತ ತಿದ್ದತಾರ. ನಾ ಹೋದಾಗ ಒಬ್ಬಾಕಿ ಹೆಣ್ಣಮಗಳು ನೆಲಕ್ಕ ಚೀಲ ಹಾಸಿ ಕೂತು ತಿದ್ದಲಿಕತ್ತಿದ್ಲು. ನಿನಕ್ಕಿಂತ ಹತ್ತು ವರ್ಷ ಸಣ್ಣಾಕಿ ಇರಬೇಕು. ನಿಂದು ಯಾವುದು ಅಂತ ಕೇಳಿದ್ಲು. ನಮ್ಮ ಮುತ್ತ್ಯಾ ಇಲ್ಲಿ ಇಲ್ಲ, ನಮ್ಮ ಊರಾಗ ಸತ್ತ, ಮಣ್ಣಿಗಿ ನಾ ಹೋಗಲಿಲ್ಲ ಅಂದೆ. ಆಕಿ ಏನೂ ಅನಲಿಲ್ಲ. ಬಣ್ಣದ ಡಬ್ಬಿ ಹಿಡಿ ಅಂದ್ಲು, ಹಿಡದೆ. ಆಮ್ಯಾಲ ಬ್ರಶ್ ಕೊಟ್ಲು. ಒಂದು ಮಸಕಾದ ಎದಿ ತಿದ್ದಿದೆ. ಯಾರದು ಅಂತ ಗೊತ್ತಿಲ್ಲ. ಹೆಸರಿನ ಮ್ಯಾಲ ಬಣ್ಣ ಹೋಗದಂಗ ಅಂಚಿನಿಂದ ಒಳಗ ಬರಬೇಕು, ಇಲ್ಲಾಂದ್ರ ಹೆಸರು ಮುಚ್ಚಿ ಹೋಗ್ತದ. ಗ್ವಾಡಿ ಕಲ್ಲು ಉರುಟು, ಒಂದೇ ಸಲ ಹಚ್ಚಿದ್ರ ಹಿಡಿಯಂಗಿಲ್ಲ, ಒಣಗಿಸಿ ಎರಡನೇ ಸಲ ಹಚ್ಚಬೇಕು. ಮುತ್ತ್ಯಾನ ಹೆಸರು ನಾ ಬರೀಲಿಲ್ಲ. ಅದು ಇಲ್ಲಿಯವರ ಗ್ವಾಡಿ.

ಆಯಿ, ಮುತ್ತ್ಯಾನ ಮಣ್ಣಿಗಿ ನಾ ಬರಲಿಲ್ಲ. ಬರಲಿಕ್ಕ ಎರಡು ದಿನ ಬೇಕಿತ್ತು, ಮಣ್ಣು ಅವತ್ತೇ ಸಂಜಿಗಿ ಆತು. ನಂತರನಾದ್ರೂ ಬರಬೇಕಿತ್ತು ಅಂತ ನೀ ಮನಸಿನಾಗ ಅಂದಿರಬಹುದು. ಬಂದಿದ್ರ ತಿರುಗಿ ಇಲ್ಲಿ ಒಳಗ ಬಿಡೋದು ತ್ರಾಸ ಇತ್ತು, ಕೆಲಸ ಹೋಗ್ತಿತ್ತು. ನನಗ ಅಂಜಿಕಿ ಆಗಿತ್ತು. ಇದು ನಾ ನಿನಗ ಫೋನಿನಾಗ ಹೇಳಲಿಕ್ಕ ಬರಲಿಲ್ಲ, ಅದಕ್ಕ ಬರದೀನಿ. ಬಂದಾಗ ಮೊದಲು ಹೊಲಕ್ಕ ಹೋಗಮು. ನೀನೂ ಬಾ. ಬದುವಿನ ಮ್ಯಾಲ ನಡಿಲಿಕ್ಕ ಆಗಲಿಲ್ಲಂದ್ರ ಅಣ್ಣನ ಗಾಡಿ ತಗೊಂಡು ಹೋಗಮು.

*

ಇಲ್ಲಿಗೆ ನಿಲ್ಲಿಸಿ ಎರಡು ದಿನ ಬಿಟ್ಟೆ. ಪತ್ರಕ್ಕೆ ಅಂಥ ಅನುಕೂಲವಿದೆ.

ಗೋಡೆ ಮುಗಿದ ಮೇಲೆ ಲ್ಯಾಂಬೆತ್ ಅರಮನೆಯ ಕೆಂಪು ಇಟ್ಟಿಗೆಯ ಬಾಗಿಲು, ಆಮೇಲೆ ಲ್ಯಾಂಬೆತ್ ಸೇತುವೆ, ಸೇತುವೆ ಹತ್ತದೆ ಅದೇ ದಂಡೆಯಲ್ಲಿ ಮುಂದೆ ಹೋದರೆ ಅಂತಾರಾಷ್ಟ್ರೀಯ ಸಾಗರ ಸಂಸ್ಥೆಯ ಕಟ್ಟಡ. ಅದರ ಮುಂಭಾಗದಲ್ಲಿ ಹಡಗಿನ ಮೂತಿಯೊಂದು ಗೋಡೆ ಸೀಳಿ ಹೊರಬಂದಂತೆ ನಿಂತಿದೆ, ಅದರ ತುದಿಯಲ್ಲಿ ನಾವಿಕನೊಬ್ಬ. ಇದರ ಎದುರಿಗೆ, ರಸ್ತೆಗೂ ನದಿಗೂ ನಡುವೆ, ಚಿಕ್ಕದೊಂದು ಉದ್ಯಾನ. ಬಸವೇಶ್ವರರ ಎದೆಮಟ್ಟದ ಪುತ್ಥಳಿ ಇರುವುದು ಅಲ್ಲಿ. ಲ್ಯಾಂಬೆತ್‌ನ ಮೇಯರ್ ಆಗಿದ್ದ ಡಾ. ನೀರಜ್ ಪಾಟೀಲ್ ಹಟ ಹಿಡಿದು ಮಾಡಿಸಿದ ಕೆಲಸ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದರು.

ಇಲ್ಲಿಯ ಸಭೆಗಳಲ್ಲಿ ಈ ಪುತ್ಥಳಿಯ ಬಗ್ಗೆ ಮಾತಾಡುವವರೆಲ್ಲ ಒಂದು ಪಂದ್ಯ ಕಟ್ಟುತ್ತಾರೆ. ನದಿಯಾಚೆಯ ಪಾರ್ಲಿಮೆಂಟು ಮೊದಲೋ, ಅನುಭವ ಮಂಟಪ ಮೊದಲೋ, 1215ರ ಮ್ಯಾಗ್ನಾಕಾರ್ಟಾ ಮೊದಲೋ ಎಂದು. ನನ್ನ ಲೇಖನದಲ್ಲೂ ಅದಿತ್ತು, ಸಂಪಾದಕರಿಗೆ ಹಿಡಿಸಿದ್ದೂ ಅದೇ. ನನಗೆ ಈ ಪಂದ್ಯದ ಮೇಲೆ ಅಷ್ಟು ಒಲವಿಲ್ಲ. ರಾಜ ತನ್ನ ಸರದಾರರಿಗೆ ಬರೆದುಕೊಟ್ಟ ಮುಚ್ಚಳಿಕೆಗೂ, ಮಾದಾರ, ಮಡಿವಾಳ, ಅಂಬಿಗರು ಮಂತ್ರಿಯ ಸಮಕ್ಕೆ ಕೂತು ವಚನ ಹೇಳಿದ ಕೂಟಕ್ಕೂ ಇಸವಿ ಇಟ್ಟು ಹೋಲಿಸಿದರೆ ಎರಡೂ ಅರ್ಥವಾಗುವುದಿಲ್ಲ. ಆಯಿಗೆ ಅದನ್ನು ಬರೆಯುವ ಪ್ರಶ್ನೆಯೇ ಇರಲಿಲ್ಲ. ಬಸವಣ್ಣ ಯಾರು ಎಂದು ಮುಡಬಿಗೆ ಹೇಳಬೇಕಾಗಿಲ್ಲ. ಬಸವಕಲ್ಯಾಣದ ಪರುಷಕಟ್ಟೆ, ಅಕ್ಕನಾಗಮ್ಮನ ಗವಿ, ತ್ರಿಪುರಾಂತ ಕೆರೆ ಎಲ್ಲವನ್ನೂ ಅವಳು ನಡೆದು ನೋಡಿದವಳು. 2012ರಲ್ಲಿ ಅಲ್ಲಿ 108 ಅಡಿಯ ಬಸವಣ್ಣನ ಮೂರ್ತಿ ಆದಾಗ ಓಣಿಯ ಹೆಂಗಸರೆಲ್ಲ ಟಂಟಂ ಮಾಡಿಕೊಂಡು ಹೋಗಿ ಬಂದಿದ್ದರು. ಅವಳಿಗೆ ಬೇಕಾದ ಸಂಗತಿ ಬೇರೆ: ಅಷ್ಟು ದೂರದಲ್ಲಿ ಬಸವಣ್ಣ ಹೇಗಿದ್ದಾನೆ, ಯಾರು ನೋಡಿಕೊಳ್ಳುತ್ತಾರೆ, ಹೂವು ಬೀಳುತ್ತದೋ ಇಲ್ಲವೋ.

*

ಆಯಿ, ಬಸವಣ್ಣ ಹೊಳಿ ದಂಡಿ ಮ್ಯಾಲೇ ಇದ್ದಾನ. ಕಲ್ಯಾಣದಾಗ ಇದ್ದಷ್ಟು ದೊಡ್ಡಾಂವ ಅಲ್ಲ. ಎದಿತನಾ ಅಷ್ಟೇ ಮೂರ್ತಿ, ಕೆಳಗ ಕಲ್ಲಿನ ಕಟ್ಟಿ. ಕಲ್ಯಾಣದ ಬಸವಣ್ಣನ ಮುಖ ನೋಡಬೇಕಂದ್ರ ಕುತಗಿ ನೋಯ್ತದ, ನೆನಪದ ಇಲ್ಲ? ಇಲ್ಲಿ ಹಂಗಿಲ್ಲ, ಎದುರು ನಿಂತು ಮಾತಾಡಬಹುದು. ಇದನ್ನ ಮಾಡಿಸಿದವರು ನಮ್ಮ ಕಲಬುರಗಿ ಸೀಮಿ ಡಾಕ್ಟರ. ಇಲ್ಲಿ ಬಂದು ಇದೇ ಓಣಿ ಮೇಯರ ಆಗಿದ್ರು.

ಗುಡಿ ಇಲ್ಲ, ಮಾಳಗಿ ಇಲ್ಲ. ಮಳಿ ಬಂದ್ರ ತೋಯ್ತಾನ. ಹಿಂದ ದೊಡ್ಡ ರಸ್ತಾ, ಕೆಂಪು ಬಸ್ಸು ಹೋಗ್ತಾವ. ಪಾರಿವಾಳ ಬಂದು ತಲಿ ಮ್ಯಾಲ ಕೂಡ್ತಾವ. ಜಯಂತಿ ದಿನ ಇಲ್ಲಿ ಕನ್ನಡ ಮಂದಿ ಬಂದು ಹಾರ ಹಾಕಿ ವಚನ ಅಂದಿದ್ರು. ಆ ಹಾರ ಒಂದು ವಾರ ಆಗಿ ಒಣಗಿತ್ತು. ಚೆಂಡುಹೂ, ದಾರ ಮಾತ್ರ ಹೊಸಾದು. ಒಣಗಿದ ಹಾರ ನಾ ತಗದೆ. ಹೊಸ ಹೂ ನನ್ನ ಬಲ್ಲಿ ಇರಲಿಲ್ಲ. ಇಲ್ಲಿ ಹುಲ್ಲಿನಾಗ ಬಿಳಿ ಹೂ ಬಿಟ್ಟಿರ್ತಾವ, ಸಣ್ಣವು, ನಡುವ ಹಳದಿ. ಯಾರೂ ಹಚ್ಚಿದ್ದಲ್ಲ, ತಾವೇ ಬರ್ತಾವ. ಅವನ್ನೇ ನಾಕು ತಂದು ಇಟ್ಟೆ.

ಬೂಟು ಕಳದೇ ನಿಂತಿದ್ದೆ. ನೀ ಕೇಳ್ತಿ ಅಂತ ಮೊದಲೇ ಹೇಳ್ತೀನಿ. ಹುಲ್ಲು ತೋಯ್ದಿತ್ತು, ಕಾಲುಚೀಲ ಹಸಿ ಆತು. ಒಬ್ಬ ಮುದುಕ ನಾಯಿ ಹಿಡಕೊಂಡು ಹೊಂಟಿದ್ದ, ನಿಂತು ಇವರು ಯಾರು ಅಂತ ಕೇಳಿದ. ನಾ ಹೇಳಿದೆ: ಇವರು ನಮ್ಮೂರ ಬಾಜೂಕಿನವರು, ರಾಜನ ಖಜಾನಿ ನೋಡ್ಕೊಂತಿದ್ರು, ಕೆಲಸ ಮಾಡದೇ ಉಣ್ಣಬಾರದು ಅಂತಿದ್ರು, ಚಮ್ಮಾರರ ಮನಿಗೂ ಬ್ರಾಹ್ಮಣರ ಮನಿಗೂ ಲಗ್ನ ಮಾಡಿದ್ದಕ್ಕ ಊರು ಉರೀತು ಅಂತ. ಮುದುಕ ಪೂರಾ ಕೇಳಿದ. ಆ ಮಕ್ಕಳು ಏನಾದ್ರು ಅಂತ ಕೇಳಿದ. ಅವರ ಅಪ್ಪಂದಿರಿಗಿ ರಾಜ ಆನೆ ಕಾಲಿಗಿ ಕಟ್ಟಿ ಎಳಿಸಿದ ಅಂತ ಹೇಳ್ತಾರ ಅಂದೆ. ಮುದುಕ ಹೊಳಿ ಆಚಿ ಕಡಿ ತೋರಿಸಿ, ಇಲ್ಲಿಯೂ ಒಬ್ಬ ರಾಜನ ತಲಿ ಹೊಡದಾರ ಅಂದ. ನಾಯಿ ಎಳೀಲಿಕತ್ತಿತ್ತು, ಹೋದ.

*

ಮುದುಕ ಹೇಳಿದ್ದು ಮೊದಲನೆಯ ಚಾರ್ಲ್ಸ್‌ನ ಮಾತು. ವಿಚಾರಣೆ ನಡೆದದ್ದು ನದಿಯಾಚೆಯ ವೆಸ್ಟ್‌ಮಿನ್‌ಸ್ಟರ್ ಹಾಲಿನಲ್ಲಿ, ತಲೆ ಕಡಿದದ್ದು 1649ರ ಜನವರಿಯಲ್ಲಿ. ಹರಳಯ್ಯ, ಮಧುವರಸರ ಕಥೆಯನ್ನು ಹೇಳಿದ ಕೂಡಲೇ ಅವನಿಗೆ ತನ್ನ ಊರಿನ ಕಥೆ ನೆನಪಾಯಿತು. ಭಾಷಣಗಳ ಪಂದ್ಯಕ್ಕಿಂತ ಈ ಐದು ನಿಮಿಷದ ಮಾತು ನನಗೆ ಹೆಚ್ಚು ಹಿಡಿಸಿತು. ಲೇಖನದಲ್ಲಿ ಮುದುಕನಿಗೆ ಜಾಗವಿರಲಿಲ್ಲ.

ಅಂಚೆಗೆ ಹಾಕುವುದು ಒಂದು ಚಿಕ್ಕ ಕೆಲಸ, ಆದರೆ ತಪ್ಪಿದರೆ ಪತ್ರ ತಲುಪದು. ಕೊನೆಯ ಸಾಲು 'ಇಂಡಿಯಾ' ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಇರಬೇಕು, ಇಲ್ಲಿಯ ಅಂಚೆಯವರು ನೋಡುವುದು ಅಷ್ಟನ್ನೇ. ಪಿನ್ ಕೋಡನ್ನು ಬಿಡಿ ಬಿಡಿ ಅಂಕಿಯಲ್ಲಿ ಬರೆಯುತ್ತೇನೆ. ಊರು, ತಾಲೂಕು, ಜಿಲ್ಲೆಯನ್ನು ಇಂಗ್ಲಿಷಿನಲ್ಲಿ ಬರೆದು ಅದರ ಕೆಳಗೆ ಕನ್ನಡದಲ್ಲಿ ಇನ್ನೊಮ್ಮೆ, ಮನೆತನದ ಹೆಸರಿನ ಜೊತೆ ಓಣಿಯ ಗುರುತು. ಕನ್ನಡದ ಸಾಲುಗಳು ಮುಡಬಿಯ ಅಂಚೆಯಣ್ಣನಿಗಾಗಿ. ಲಕೋಟೆಯೊಳಗೆ ಬೇರೆ ಏನನ್ನೂ ಇಡುವುದಿಲ್ಲ. ದಪ್ಪ ಕಂಡ ಲಕೋಟೆ ದಾರಿಯಲ್ಲಿ ತಡವಾಗುತ್ತದೆ, ಒಮ್ಮೊಮ್ಮೆ ಬಾಯಿ ಬಿಚ್ಚಿಕೊಂಡೂ ಬರುತ್ತದೆ.

ಕೊನೆಯ ಹಾಳೆಯನ್ನು ಎರಡು ಭಾಗ ಮಾಡಿದೆ. ಮೇಲಿನದು ಆಯಿಗೆ, ಕೆಳಗಿನದು ಮಡಚಿ ಅಂಟಿಸಿದ್ದು, ಓದುವವಳಿಗೆ.

*

ಆಯಿ, ತೊಗರಿ ಮಾರಿದ್ರೇನು, ಇಟ್ಟೀರೇನು, ಅಣ್ಣಗ ಕೇಳಿ ತಿಳಿಸು. ಮೊಣಕಾಲಿಗಿ ಎಣ್ಣಿ ಹಚ್ಚಿ ಬಿಸಿನೀರು ಹಾಕೋದು ಬಿಡಬ್ಯಾಡ. ಎಳ್ಳಮಾಸಿಗಿ ಬರ್ತೀನಿ ಅಂತ ರಜಾ ಕೇಳೀನಿ. ಕೊಟ್ರ ಬರ್ತೀನಿ, ಹೊಲದಾಗ ಭಜ್ಜಿ, ಸಜ್ಜಿ ರೊಟ್ಟಿ ಉಣ್ಣಮು. ಕೊಡಲಿಲ್ಲಂದ್ರ ಸಂಕ್ರಮಣದ ಮ್ಯಾಲ ಬರ್ತೀನಿ. ಮನ್ಯಾಗ ಎಲ್ಲರಿಗೂ ಶರಣು ಹೇಳು.

ಇಲ್ಲಿಂದ ಮುಂದ ಗಟ್ಟಿ ಓದಬ್ಯಾಡವ್ವ ತಂಗಿ, ಇದು ನಿನಗ. ಆಯಿದು ಬಿಪಿ ಗುಳಿಗಿ ಪಟ್ಟಿ ಟ್ರಂಕಿನ ಮ್ಯಾಲಿನ ಡಬ್ಬ್ಯಾಗ ಇರ್ತದ. ಪ್ರತಿ ಆಯ್ತವಾರ ಎಣಸು. ಏಳು ಕಡಿಮಿ ಆಗಿರಬೇಕು. ಐದೇ ಕಡಿಮಿ ಆಗಿದ್ರ ಆಕಿ ಎರಡು ದಿನ ತಗೊಂಡಿಲ್ಲ ಅಂತ ಅರ್ಥ. ಆಕಿಗಿ ಏನೂ ಅನಬ್ಯಾಡ, ಜಗಳ ತಗೀತಾಳ. ನನಗ ಮೆಸೇಜ್ ಹಾಕು, ಬರೇ ಅಂಕಿ ಸಾಕು. ಕೇಳಿದ್ರ ಶಾಲಿ ಲೆಕ್ಕ ಕಳಸ್ಲಿಕತ್ತೀನಿ ಅನ್ನು.